ಮೂಲ ಪತ್ರ ಕಳೆದಿದೆ ಎನ್ನುವ ಮೊದಲು

"ಸಾರ್, ಒರಿಜಿನಲ್ ಕ್ರಯಪತ್ರ ಕಳೆದುಹೋಗಿದೆ. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಸಿಸಿ ತೆಗೆಸಿದ್ದೀನಿ. ಇನ್ನೇನು ತೊಂದರೆ ಇಲ್ಲ ಅಲ್ವಾ?" ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ.

ಸಿಸಿ, ಅಂದರೆ ದೃಢೀಕೃತ ನಕಲು, ಬೇಕೇ ಬೇಕು. ಮೂಲ ಪತ್ರದಲ್ಲಿ ಏನು ಬರೆದಿತ್ತು ಎಂದು ತೋರಿಸಲು 1908ರ ನೋಂದಣಿ ಕಾಯ್ದೆಯ 57ನೇ ಕಲಂ ಅದನ್ನು ಒಪ್ಪುತ್ತದೆ. ಕಾಗದ ಕಳೆದ ಮಾತ್ರಕ್ಕೆ ಮನೆ ಕಳೆಯುವುದಿಲ್ಲ. ಆದರೆ ಅದೇ ಕಲಂ ಪ್ರಕಾರ ಕ್ರಯಪತ್ರದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ನಿಮ್ಮ ಪಕ್ಕದ ಮನೆಯವರೂ ಪಡೆಯಬಹುದು. ಹಾಗಾಗಿ ಕೊಳ್ಳುವವರಿಗೆ, ಬ್ಯಾಂಕಿಗೆ ಇರುವ ಅನುಮಾನಕ್ಕೆ ಅದು ಉತ್ತರ ಕೊಡುವುದಿಲ್ಲ.

ಅವರ ಅನುಮಾನ ಬೇರೆ. ಮೂಲ ಪತ್ರ ಕಳೆದಿದೆಯೋ, ಇನ್ನೊಬ್ಬರ ಬೀರುವಿನಲ್ಲಿ ಅಡಮಾನವಾಗಿ ಕೂತಿದೆಯೋ? ಆಸ್ತಿ ವರ್ಗಾವಣೆ ಕಾಯ್ದೆಯ 58(ಎಫ್) ಪ್ರಕಾರ, ಸಾಲಕ್ಕೆ ಭದ್ರತೆಯಾಗಿ ಹಕ್ಕುಪತ್ರ ಒಪ್ಪಿಸಿದರೂ ಅದು ಅಡಮಾನವೇ. ಅದನ್ನು ನೋಂದಾಯಿಸದೇ ಇದ್ದರೆ ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣಿಸುವುದಿಲ್ಲ. ಬ್ಯಾಂಕಿನ ಸಾಲವಾದರೆ ಸರ್ಸಾಯ್ ಎಂಬ ಕೇಂದ್ರ ದಾಖಲೆಯಲ್ಲಿ ಹುಡುಕಬಹುದು. ಖಾಸಗಿಯಾಗಿ ಸಾಲ ಕೊಟ್ಟವರ ಲೆಕ್ಕ ಅಲ್ಲಿ ಸಿಗದು. ಪೊಲೀಸ್ ದೂರು, ಪತ್ರಿಕಾ ಪ್ರಕಟಣೆ ಎಲ್ಲ ಇರುವುದು ಈ ಅನುಮಾನ ತೀರಿಸಲು. ಸುಮ್ನೆ ಶಾಸ್ತ್ರಕ್ಕಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಬಂದ ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡ ತೀರಿಕೊಂಡ ಮೇಲೆ ಒಬ್ಬ ತಾಯಿ ಮನೆ ಮಾರಲು ಹೊರಟರು. 1996ರ ಕ್ರಯಪತ್ರ ಸಿಗಲಿಲ್ಲ. ಮನೆ ಬದಲಿಸುವಾಗ ಎಲ್ಲೋ ಹೋಗಿದೆ ಅಂತ ಮಗ ನೇರ ಠಾಣೆಗೆ ಹೋದ. "ಯಾವ ಪತ್ರ, ನಂಬರ್ ಎಷ್ಟು?" ಅಂತ ಕೇಳಿದರು. ಗೊತ್ತಿಲ್ಲ. ವಾಪಸ್ ಕಳಿಸಿದರು.

ಅದಕ್ಕೇ ಮೊದಲು ಇಸಿ ತೆಗೆಸಿ ಅನ್ನುವುದು. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಗುತ್ತದೆ. ಅದಕ್ಕೂ ಹಳೆಯದನ್ನು ಕಚೇರಿಯ ಪುಸ್ತಕದಲ್ಲೇ ಹುಡುಕಿಸಬೇಕು. ಆ ಊರು ಆಗ ಬೇರೆ ಕಚೇರಿಯ ವ್ಯಾಪ್ತಿಯಲ್ಲಿದ್ದರೆ ಅಲ್ಲಿಗೇ ಹೋಗಬೇಕು. ದಾಖಲೆ ಸಂಖ್ಯೆ, ಸಂಪುಟ, ಪುಟ, ನೋಂದಣಿ ದಿನಾಂಕ ಸಿಕ್ಕ ಮೇಲೆ ಸಿಸಿಗೆ ಅರ್ಜಿ ಹಾಕಿ. ಆಮೇಲೆ ಅದೇ ವಿವರ ಬರೆದು ದೂರು ಕೊಡಿ. ಬೆಂಗಳೂರಿನಲ್ಲಾದರೆ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲೂ ಕೊಡಬಹುದು. ಬರೀ ಸ್ವೀಕೃತಿ ಸಾಕಾಗದೆ, ಹುಡುಕಿದರೂ ಸಿಗಲಿಲ್ಲ ಎಂಬ ಹಿಂಬರಹವನ್ನೂ ಕೆಲವು ಬ್ಯಾಂಕ್ ಕೇಳುತ್ತವೆ. ಕಳ್ಳತನವಾಗಿದ್ದರೆ ಮಾತು ಬೇರೆ, ಆಗ ಎಫ್‌ಐಆರ್ ಆಗಬೇಕು.

ಪ್ರಕಟಣೆಯಲ್ಲೂ ಮಗನಿಗೆ ಅವಸರ. ಕಡಿಮೆ ದುಡ್ಡಿಗೆ ಆಗುತ್ತೆ ಅಂತ ಯಾರೂ ಓದದ ಪತ್ರಿಕೆ ಹಿಡಿದು ತಂದ. ಬೇಡಪ್ಪ ಎಂದೆ. ಆಸ್ತಿ ಇರುವ ಊರಿನಲ್ಲಿ ಜನ ಓದುವ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಹಾಕಿಸಿದೆವು. ಮಾಲೀಕರ ಹೆಸರು, ಆಸ್ತಿಯ ಚಕ್ಕುಬಂದಿ, ಪತ್ರದ ಸಂಖ್ಯೆ ಕೊಟ್ಟು, ಯಾರಿಗಾದರೂ ತಕರಾರಿದ್ದರೆ ಹದಿನೈದು ದಿನದಲ್ಲಿ ತಿಳಿಸಿ ಎಂದು ನನ್ನ ವಿಳಾಸ ಹಾಕಿದೆ.

ಅವಧಿ ಮುಗಿಯುವ ಮುಂಚೆಯೇ ಒಬ್ಬರು ಬಂದರು. ಕೈಚೀಲದಲ್ಲಿ ಅದೇ ಕ್ರಯಪತ್ರ! ಗಂಡ ಅಂಗಡಿ ಕಷ್ಟದಲ್ಲಿದ್ದಾಗ ಅವರಿಂದ ಕೈಸಾಲ ತೆಗೆದು ಅದನ್ನು ಇಟ್ಟಿದ್ದರಂತೆ. ತಾಯಿಗೆ ಒಂದೂ ಗೊತ್ತಿರಲಿಲ್ಲ, ಪಾಪ. ಸಾಲದ ಕಾಗದ ನೋಡಿ, ಬಡ್ಡಿಯಲ್ಲಿ ಒಂದಿಷ್ಟು ಬಿಡಿಸಿ, ಹಣ ಕೊಟ್ಟು ಪತ್ರ ಬಿಡಿಸಿಕೊಂಡೆವು. ಸಾಲ ತೀರಿದ್ದಕ್ಕೆ ರಸೀದಿಯನ್ನೂ ಬರೆಸಿಕೊಂಡೆವು. ಠಾಣೆಗೆ ಪತ್ರ ಸಿಕ್ಕಿದೆ ಎಂದು ತಿಳಿಸಿದೆವು. ಆ ಪ್ರಕಟಣೆ ಇಲ್ಲದೆ ಮಾರಿದ್ದರೆ, ಕೊಂಡವರು ಮತ್ತು ಆ ಸಾಲ ಕೊಟ್ಟವರ ನಡುವೆ ತಾಯಿ ಕೋರ್ಟಿನಲ್ಲಿ ನಿಲ್ಲಬೇಕಿತ್ತು.

ಹಾಗಾಗಿ ಅಣ್ಣನ ಹತ್ತಿರ ಅಥವಾ ಫೈನಾನ್ಸಿನವರ ಹತ್ತಿರ ಪತ್ರ ಇದೆ ಎಂದು ಗೊತ್ತಿದ್ದೂ 'ಕಳೆದಿದೆ' ಎಂದು ಅಫಿಡವಿಟ್ ಮಾಡಿಸಲು ನನ್ನ ಬಳಿ ಬರಬೇಡಿ. ಸುಳ್ಳು ಅಫಿಡವಿಟ್ ಅಪರಾಧ. ಪತ್ರ ಹೊರಬಂದ ದಿನ ನಿಮ್ಮ ಹೆಸರೇ ಮೊದಲು ಬರುತ್ತದೆ.

ಯಾರೂ ಬಾರದಿದ್ದರೆ, ಪತ್ರಿಕೆಯ ಇಡೀ ಪುಟ ಎತ್ತಿಡಿ, ತುಂಡು ಕತ್ತರಿಸಬೇಡಿ. ಮಾರುವಾಗ ಬರೆಸುವ ಹೊಸ ಕ್ರಯಪತ್ರದಲ್ಲಿ ಮೂಲ ಪತ್ರ ಕಳೆದ ವಿಷಯ, ದೂರಿನ ಸಂಖ್ಯೆ, ಪ್ರಕಟಣೆಯ ದಿನಾಂಕ ಬರೆಸಿ. ಮುಂದೆ ತೊಂದರೆಯಾದರೆ ತುಂಬಿಕೊಡುವ ಮಾತೂ ಇರಲಿ. ಅಷ್ಟಾದರೂ ಎಲ್ಲ ಬ್ಯಾಂಕ್ ಒಪ್ಪುತ್ತದೆ ಎಂದು ನಾನು ಹೇಳಲಾರೆ. ನೋಂದಣಿಯೇ ಆಗದ ಪಾಲುಪಟ್ಟಿ ಕಳೆದಿದ್ದರೆ ಸಿಸಿಯ ದಾರಿಯೂ ಇಲ್ಲ, ಅದಕ್ಕೆ ಬೇರೆಯೇ ಕೆಲಸ ಮಾಡಬೇಕು.

ಬ್ಯಾಂಕೇ ನಿಮ್ಮ ಪತ್ರ ಕಳೆದಿದ್ದರೆ ಖರ್ಚು ನಿಮ್ಮದಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ತಂದ ನಿಯಮದ ಪ್ರಕಾರ ನಕಲು ತೆಗೆಸಲು ಅವರೇ ನೆರವಾಗಿ ಖರ್ಚು ಭರಿಸಬೇಕು. ಸಾಲ ತೀರಿ ಅರವತ್ತು ದಿನ ಕಳೆದ ಮೇಲೂ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.