ಮ್ಯಾಟ್ ಅಂದರೆ ತೆರಿಗೆ ಮೇಲೆ ಇನ್ನೊಂದು ತೆರಿಗೆಯಾ?

ಪ್ರಶ್ನೆ: ನಮ್ಮದು ಮಾಚೇನಹಳ್ಳಿಯಲ್ಲಿ ಸಣ್ಣ ಫೌಂಡ್ರಿ, ಪ್ರೈವೇಟ್ ಲಿಮಿಟೆಡ್ ಕಂಪನಿ. ಹೊಸ ಮೆಷಿನ್ ಹಾಕಿದ ವರ್ಷ ಸವಕಳಿ ಕಳೆದ ಮೇಲೆ ತೆರಿಗೆ ಹೆಚ್ಚುಕಮ್ಮಿ ಏನೂ ಇರಲಿಲ್ಲ. ಆಡಿಟರ್ ಮ್ಯಾಟ್, ಅಂದರೆ ಕನಿಷ್ಠ ಪರ್ಯಾಯ ತೆರಿಗೆ, ಕಟ್ಟಿಸಿದರು. ಇದು ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸೆಪ್ಟೆಂಬರ್‌ನಲ್ಲಿ ಯಾರಾದರೊಬ್ಬರು ಒದ್ದೆ ಕೊಡೆ ಬಾಗಿಲಿಗೆ ಒರಗಿಸಿ ಇದನ್ನೇ ಕೇಳುತ್ತಾರೆ. ಮಾತಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಈ ಸಲ ಲೆಕ್ಕವನ್ನೇ ಬರೆಯುತ್ತೇನೆ.

ಹಿನ್ನೆಲೆ ಇಷ್ಟೇ. ಷೇರುದಾರರಿಗೆ ಒಳ್ಳೆ ಲಾಭ ತೋರಿಸಿ ಡಿವಿಡೆಂಡ್ ಹಂಚುವ ಕೆಲವು ಕಂಪನಿಗಳು, ಕಾಯ್ದೆ ಕೊಟ್ಟ ಕಡಿತಗಳನ್ನೆಲ್ಲ ಬಳಸಿ ಒಂದು ಪೈಸೆಯೂ ತೆರಿಗೆ ಕಟ್ಟುತ್ತಿರಲಿಲ್ಲ. ಅದರಲ್ಲಿ ಮೋಸವೇನೂ ಇರಲಿಲ್ಲ, ಎಲ್ಲ ಕಾನೂನಿನ ಒಳಗೇ. 1987ರ ಬಜೆಟ್‌ನಲ್ಲಿ ರಾಜೀವ್ ಗಾಂಧಿ ಇದಕ್ಕೊಂದು ತಡೆ ಹಾಕಿದರು. ಆ ನಿಯಮ ನಡುವೆ ಕೆಲವು ವರ್ಷ ಇಲ್ಲವಾಗಿ, 1996ರಲ್ಲಿ ಮತ್ತೆ ಬಂತು.

ಈಗ ಲೆಕ್ಕ. 2026ರ ಮಾರ್ಚ್‌ವರೆಗೆ ಇದ್ದ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ 2020-21ರಿಂದ ಮೂರು ವರ್ಷ ಹಿಡಿಯೋಣ. ಸೆಸ್ ಬಿಟ್ಟುಬಿಡುತ್ತೇನೆ. ಮೆಷಿನ್ ಬೆಲೆ 3 ಕೋಟಿ, ವರ್ಷದ ಆರಂಭದಲ್ಲೇ ಓಡಲು ಶುರುವಾಗಿದೆ. ಸವಕಳಿ ಕಳೆಯುವ ಮೊದಲು ಪ್ರತಿ ವರ್ಷ 1.09 ಕೋಟಿ ಲಾಭ ಅಂದುಕೊಳ್ಳಿ.

ಕಂಪನಿ ಕಾಯ್ದೆಯಲ್ಲಿ ಇಂಥ ಮೆಷಿನ್‌ಗೆ 15 ವರ್ಷ ಆಯಸ್ಸು. ಕೊನೆಗೆ ಉಳಿಯುವ ಬೆಲೆ ಅಂತ ಶೇ. 5 ಬಿಟ್ಟು ಹಂಚಿದರೆ, ನಿಮ್ಮ ಪುಸ್ತಕದಲ್ಲಿ ವರ್ಷಕ್ಕೆ 19 ಲಕ್ಷ ಸವಕಳಿ ಕಳೆದು 90 ಲಕ್ಷ ಲಾಭ ಉಳಿಯುತ್ತದೆ. ಬ್ಯಾಂಕಿನವರಿಗೆ ತೋರಿಸುವುದು ಇದನ್ನೇ. ಆದಾಯ ತೆರಿಗೆ ಕಾಯ್ದೆ ಮಾತ್ರ ಮೊದಲ ವರ್ಷ ಧಾರಾಳಿ. ಮಾಮೂಲಿ ಶೇ. 15, ಹೊಸ ಮೆಷಿನ್‌ಗೆ ಹೆಚ್ಚುವರಿ ಶೇ. 20, ಒಟ್ಟು 1.05 ಕೋಟಿ ಕಳೆಯಬಹುದು. ಉಳಿಯುವ ಆದಾಯ 4 ಲಕ್ಷ, ಶೇ. 25ರಂತೆ ತೆರಿಗೆ 1 ಲಕ್ಷ.

ಮ್ಯಾಟ್ ನೋಡುವುದು ಆ 90 ಲಕ್ಷವನ್ನು. ಅದರ ಶೇ. 15 ಅಂದರೆ 13.5 ಲಕ್ಷ. 1 ಲಕ್ಷ, 13.5 ಲಕ್ಷ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು. ಎರಡನ್ನೂ ಕೂಡಿಸಿ 14.5 ಲಕ್ಷ ಕಟ್ಟುವುದಲ್ಲ! ಹೆಚ್ಚಾಗಿ ಕಟ್ಟಿದ 12.5 ಲಕ್ಷ ಮ್ಯಾಟ್ ಕ್ರೆಡಿಟ್ ಎಂದು ನಿಮ್ಮ ಹೆಸರಲ್ಲಿ ಉಳಿಯುತ್ತದೆ.

ಎರಡನೇ ವರ್ಷ ಹೆಚ್ಚುವರಿ ಸವಕಳಿ ಇಲ್ಲ. ಉಳಿದ 1.95 ಕೋಟಿಯ ಮೇಲೆ ಶೇ. 15 ಮಾತ್ರ. ಮಾಮೂಲಿ ತೆರಿಗೆಯೇ 19.94 ಲಕ್ಷಕ್ಕೆ ಏರುತ್ತದೆ. ಮ್ಯಾಟ್ ಮಾತ್ರ ಅದೇ 13.5 ಲಕ್ಷ. ನಡುವಿನ 6.44 ಲಕ್ಷವನ್ನು ಕ್ರೆಡಿಟ್‌ನಲ್ಲಿ ಮುರಿದುಕೊಂಡು ನೀವು 13.5 ಲಕ್ಷವನ್ನೇ ಕಟ್ಟುತ್ತೀರಿ. ಮೂರನೇ ವರ್ಷ ಮಾಮೂಲಿ ತೆರಿಗೆ 21.03 ಲಕ್ಷ. ಮಿಕ್ಕ 6.06 ಲಕ್ಷದ ಕ್ರೆಡಿಟ್ ಕಳೆದರೆ ಕಟ್ಟುವುದು 14.97 ಲಕ್ಷ.

ಕೂಡಿಸಿ ನೋಡಿ. ಮೂರು ವರ್ಷದಲ್ಲಿ ಕಟ್ಟಿದ್ದು 41.97 ಲಕ್ಷ. ಮ್ಯಾಟ್ ಎಂಬುದೇ ಇಲ್ಲದಿದ್ದರೆ? ಆಗಲೂ 41.97 ಲಕ್ಷವೇ. ಎರಡನೇ ತೆರಿಗೆ ಎಲ್ಲಿ ಹೋಯಿತು, ಹೇಳಿ?

ಮಂಡಿಯಿಂದ ಮುಂಗಡ ತಂದು ಅಡಿಕೆ ಹಾಕಿದಾಗ ಮುರಿಸುತ್ತೀರಲ್ಲ, ಇದೂ ಹಾಗೇ ಇತ್ತು. ಇಲ್ಲಿ ಮುಂಗಡ ತೆಗೆದುಕೊಳ್ಳುತ್ತಿದ್ದುದು ಸರ್ಕಾರ, ಅದೂ ಬಡ್ಡಿಯಿಲ್ಲದೆ. ಗೊಣಗುವುದಾದರೆ ಆ ಬಡ್ಡಿಗೆ ಗೊಣಗಿ, ನ್ಯಾಯ ಇದೆ. ಇನ್ನೊಂದು ನಿಜವಾದ ನಷ್ಟ ಇತ್ತು. ಆ ಕಾಯ್ದೆಯಲ್ಲಿ ಕ್ರೆಡಿಟ್ ಪೂರ್ತಿ ಮುರಿಯುವ ಮೊದಲೇ ಶೇ. 22ರ ಕಡಿಮೆ ದರದ ದಾರಿ ಹಿಡಿದರೆ ಮ್ಯಾಟ್ ತಪ್ಪುತ್ತಿತ್ತು ನಿಜ, ಆದರೆ ಉಳಿದ ಕ್ರೆಡಿಟ್ಟೂ ಹೋಗುತ್ತಿತ್ತು. ಒಮ್ಮೆ ಆ ಕಡೆ ಹೋದರೆ ಹಿಂದೆ ಬರುವ ಹಾಗಿಲ್ಲ. ನನ್ನ ಒಬ್ಬ ಕಕ್ಷಿದಾರರು ಯಾರೋ ಹೇಳಿದರು ಅಂತ ಹೀಗೆ ಹಾರಿ, ಆಮೇಲೆ ಫೈಲು ತಂದರು. ನಾನೇನು ಮಾಡಲಿ?

ಇನ್ನು ಯಾರೂ ಕೇಳದ ಮಾತೊಂದು. ಇದೇ ಫೌಂಡ್ರಿ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಮ್ಯಾಟ್ ಬರುತ್ತಲೇ ಇರಲಿಲ್ಲ, ಅದು ಕಂಪನಿಗಳಿಗೆ ಮಾತ್ರ. ಪಾಲುದಾರಿಕೆಗೆ ಎಎಮ್‌ಟಿ ಎಂಬ ತಮ್ಮನೊಬ್ಬ ಇದ್ದಾನೆ. ಅವನು ಕೆಲವು ಆಯ್ದ ಕಡಿತಗಳನ್ನು ಮಾತ್ರ ಹಿಡಿಯುತ್ತಾನೆ, ಮೆಷಿನ್ ಸವಕಳಿಯ ತಂಟೆಗೆ ಬರುವುದಿಲ್ಲ.

ತೋಟವನ್ನೇ ಕಂಪನಿ ಹೆಸರಿಗೆ ಮಾಡಿಕೊಂಡವರೂ ಇದ್ದಾರೆ. ಅವರಿಗೂ ಹೆದರಿಕೆ ಬೇಡ. ಕೃಷಿ ಆದಾಯವನ್ನು ಪುಸ್ತಕದ ಲಾಭದಿಂದ ಕಳೆದೇ ಮ್ಯಾಟ್ ಲೆಕ್ಕ ಹಾಕುವುದು. ಸ್ವಂತ ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿಯೇ. ಪಕ್ಕದವರ ಅಡಿಕೆ ಕೊಂಡು ಮಾರಿದರೆ ಮಾತ್ರ ವ್ಯಾಪಾರ. ಅಂಗಳದಲ್ಲಿ ಎರಡೂ ಒಟ್ಟಿಗೇ ಒಣಗಲಿ, ಪುಸ್ತಕದಲ್ಲಿ ಬೇರೆ ಬೇರೆ ಬರೆದಿಡಿ.