ಗರಿಷ್ಠ ಬಿಡ್ ಖಾನೆಯಲ್ಲಿ ಬರೆಯಬೇಕಾದ ಅಂಕಿ ಯಾವುದು?

ಹಳೇ ಕ್ಯಾಮೆರಾ ಲೆನ್ಸ್‌ಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೊಂಡು, ಬಿಚ್ಚಿ, ಒರೆಸಿ, ಸರಿಮಾಡಿ ಮಾರುವುದು ನನ್ನ ಕಸುಬು. ಮೊನ್ನೆ ಒಬ್ಬ ಹುಡುಗ ತಾನು ಗೆದ್ದ ಲೆನ್ಸನ್ನು ತೋರಿಸಲು ತಂದಿದ್ದ. "ಸರ್, 180ರ ಮೇಲೆ ಹೋಗಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಹೋಗಲೂ ಇಲ್ಲ. ಆದರೂ ಕೈಯಿಂದ 243 ಹೋಯ್ತು" ಅಂದ. ಅದೇ ಲೆನ್ಸ್, ಪರೀಕ್ಷೆ ಮಾಡಿದ್ದು, ಎಲ್ಲ ಸೇರಿ 200ಕ್ಕೆ ಸಿಗುತ್ತದೆ.

ಅವನ 180 ತಪ್ಪು ಅಂಕಿ ಅಲ್ಲ. ಅದನ್ನು ತಪ್ಪು ಖಾನೆಗೆ ಹಾಕಿದ್ದ ಅಷ್ಟೇ. ಅವನ ಜೊತೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ನೋಡಬೇಕಾದದ್ದು ಮಾರಾಟವಾಗಿ ಮುಗಿದ ಬೆಲೆಗಳನ್ನು. ಮಾರುವವರು ಕೇಳುತ್ತಿರುವ ಬೆಲೆ ಅವರ ಆಸೆ, ಕೊಂಡವರು ಕೊಟ್ಟದ್ದು ಮಾತ್ರ ಬೆಲೆ. ಮುಗಿದ ಐದು ಮಾರಾಟಗಳು ಸಿಕ್ಕವು. ಸಾಗಣೆ, ಶುಲ್ಕ ಎಲ್ಲ ಸೇರಿಸಿದರೆ 172, 190, 200, 205, 340. ಸರಾಸರಿ ತೆಗೆದರೆ ಆ 340 ಲೆಕ್ಕವನ್ನೆಲ್ಲ ಮೇಲಕ್ಕೆ ಎಳೆಯುತ್ತದೆ. ಫೋಟೋ ನೋಡಿದರೆ ಅದರ ಜೊತೆ ಮೂಲ ಡಬ್ಬ, ಮುಚ್ಚಳ, ಕಾಗದ ಎಲ್ಲ ಇತ್ತು, ಅದು ಬೇರೆಯದೇ ಸರಕು. ಹಾಗಾಗಿ ಸಾಲಿನ ನಡುವಿನ ಅಂಕಿ, 200, ಹಿಡಿದುಕೊಂಡೆವು.

ಅವನು ಕೊಂಡ ಲೆನ್ಸಿನ ವಿವರಣೆಯಲ್ಲಿ "ಪರೀಕ್ಷಿಸಿಲ್ಲ" ಅಂತ ಇತ್ತು. ಹಳೇ ಲೆನ್ಸಿನಲ್ಲಿ ಇದರರ್ಥ ಒಳಗಿನ ಗಾಜಿಗೆ ಬೂಷ್ಟು ಹಿಡಿದಿರಬಹುದು, ಇಲ್ಲವೇ ಬೆಳಕಿನ ಕಿಂಡಿಯ ಎಲೆಗಳಿಗೆ ಎಣ್ಣೆ ಇಳಿದು ಅಂಟಿರಬಹುದು. ಬಿಚ್ಚಿ ಶುಚಿ ಮಾಡಲು ನಾನು 40 ತೆಗೆದುಕೊಳ್ಳುತ್ತೇನೆ. ಹೀಗೆ ಬರೆದ ಲೆನ್ಸ್‌ಗಳಲ್ಲಿ ಸುಮಾರು ಅರ್ಧಕ್ಕೆ ಈ ಕೆಲಸ ಬೇಕಾಗಿದ್ದನ್ನು ಕಂಡಿದ್ದೇನೆ. ಆದ್ದರಿಂದ 40ರ ಅರ್ಧ, 20, ಕಳೆದೆವು. ಉಳಿದದ್ದು 180. ನೋಡಿ, ಹುಡುಗನ ಅಂದಾಜು ಇಲ್ಲಿಯವರೆಗೆ ಸರಿಯಾಗೇ ಇತ್ತು.

ಆದರೆ ಇದು ಜೇಬಿನಿಂದ ಹೋಗಬೇಕಾದ ಒಟ್ಟು ಹಣ. ಬಿಡ್ ಅಲ್ಲ. ಸಾಗಣೆ 18 ಕಳೆದರೆ 162. ಆ ಹರಾಜು ತಾಣ ಗೆದ್ದವರಿಂದ ಬಿಡ್ ಮೇಲೆ ಶೇ. 25 ಶುಲ್ಕ ವಸೂಲಿ ಮಾಡುತ್ತದೆ. ಇಲ್ಲಿ ತುಂಬಾ ಜನ 162ರಲ್ಲಿ ಶೇ. 25 ಕಳೆಯುತ್ತಾರೆ. ಆಗ 121.50 ಬರುತ್ತದೆ, ಅದು ಸರಿಯಲ್ಲ. ಶುಲ್ಕ ಬೀಳುವುದು ಬಿಡ್ ಮೇಲೆ, ಒಟ್ಟು ಹಣದ ಮೇಲಲ್ಲ. ಅದಕ್ಕೆ 162ನ್ನು 1.25ರಿಂದ ಭಾಗಿಸಬೇಕು. ಬರುವುದು 129.60. ಖಾನೆಗೆ ಹೋಗಬೇಕಾದದ್ದು ಈ ಅಂಕಿ. ಅವನು ಹಾಕಿದ್ದು 180. ಅದಕ್ಕೆ ಶುಲ್ಕ 45, ಸಾಗಣೆ 18 ಸೇರಿ 243 ಆಯಿತು. ಗಡಿ ದಾಟಿ ಬರುವ ಸರಕಾದರೆ ಸುಂಕ, ತೆರಿಗೆಯನ್ನೂ ಇದೇ ರೀತಿ ಹಿಂದಕ್ಕೆ ಬಿಡಿಸಿಕೊಂಡು ಬರಬೇಕು.

ಇನ್ನು ಬಿಡ್ ಹಾಕುವ ಕ್ರಮ. ಈಬೇ ಥರದ ತಾಣಗಳಲ್ಲಿ ನೀವು 129.60 ಅಂತ ಗರಿಷ್ಠ ಮೊತ್ತ ಕೊಟ್ಟರೆ ಅಷ್ಟೂ ಹಣ ತಕ್ಷಣ ಹೋಗುವುದಿಲ್ಲ. ನಿಮ್ಮ ಪರವಾಗಿ ತಾಣವೇ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಇನ್ನೊಬ್ಬರ ಗರಿಷ್ಠ 94 ಇದ್ದು, ಏರಿಕೆಯ ಒಂದು ಮೆಟ್ಟಿಲು 2 ಆಗಿದ್ದರೆ ನೀವು 96ಕ್ಕೆ ಗೆಲ್ಲುತ್ತೀರಿ. ಅಂದರೆ ಬೆಲೆ ನಿಲ್ಲಿಸುವವರು ಎರಡನೇ ಸ್ಥಾನದವರು. ಹಾಗಾಗಿ ನಿಜವಾದ ಗರಿಷ್ಠವನ್ನು ಒಮ್ಮೆಗೇ ಹಾಕಿದರೆ ನಷ್ಟವಿಲ್ಲ. ಸ್ವಲ್ಪ ಸ್ವಲ್ಪವೇ ಏರಿಸಿದರೆ ಉಳಿತಾಯವೂ ಇಲ್ಲ.

ಹುಡುಗ ಮಾಡಿದ್ದು ಸ್ವಲ್ಪ ಸ್ವಲ್ಪ ಏರಿಸುವುದನ್ನೇ. ಬಿಡ್‌ಗಳ ಇತಿಹಾಸ ತೆರೆದು ಸ್ವಯಂಚಾಲಿತ ಬಿಡ್‌ಗಳನ್ನೂ ತೋರಿಸು ಅಂದೆ. ಕೊನೆಯ ಹನ್ನೆರಡು ನಿಮಿಷಗಳಲ್ಲಿ ಅವನ ಬಿಡ್‌ಗಳು 110, 118, 126, 140, 152, 165, 180. ಕೊನೆಯ 180 ಬಿಟ್ಟರೆ ಪ್ರತಿ ಸಲವೂ ಅದೇ ಸೆಕೆಂಡಿನಲ್ಲಿ ಎದುರಾಳಿ ಒಂದು ಮೆಟ್ಟಿಲು ಮೇಲೆ. "ಅವನೂ ಬಿಡ್ತಾ ಇರ್ಲಿಲ್ಲ ಸರ್, ಹಠಕ್ಕೆ ಬಿದ್ದಿದ್ದ" ಅಂದ. ಎದುರಿಗೆ ಯಾರೂ ಇರಲಿಲ್ಲ. ಆ ವ್ಯಕ್ತಿ ಎರಡು ದಿನ ಮೊದಲೇ 178 ಅಂತ ಬರೆದು ಹೋಗಿದ್ದರು, ಉತ್ತರ ಕೊಡುತ್ತಿದ್ದದ್ದು ಯಂತ್ರ. ಉತ್ತರ ಅದೇ ಸೆಕೆಂಡಿಗೆ ಬಂದರೆ ಅದು ಮೊದಲೇ ಇಟ್ಟ ಮೊತ್ತ ಅಂತ ತಿಳಿಯಿರಿ. 129.60 ಒಂದೇ ಸಲ ಹಾಕಿದ್ದರೆ ಅವನು ಸೋಲುತ್ತಿದ್ದ. ಆ ಲೆನ್ಸಿಗೆ ಸೋಲೇ ಸರಿಯಾದ ಫಲಿತಾಂಶ.

"ಇನ್ನು ಎರಡು ಹಾಕಿದ್ರೆ ಸಿಗ್ತಿತ್ತು" ಅನ್ನುವ ಸಂಕಟ ಎಲ್ಲರಿಗೂ ಬರುತ್ತದೆ. ಅದಕ್ಕೆ ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಳ್ಳುತ್ತೇನೆ. ಇದು 131ಕ್ಕೆ ಬೇರೆಯವರ ಪಾಲಾದರೆ ಬೇಜಾರಾಗುತ್ತದಾ? ಹೌದು ಅನ್ನಿಸಿದರೆ ಲೆಕ್ಕದಲ್ಲಿ ಏನೋ ಬಿಟ್ಟಿದ್ದೇನೆ, ಮತ್ತೆ ಕೂತು ನೋಡುತ್ತೇನೆ. ಗೆದ್ದರೂ ಸರಿ, ಹೋದರೂ ಸರಿ ಅನ್ನಿಸುವ ಅಂಕಿ ಸಿಕ್ಕಮೇಲೆ ಚೀಟಿಯಲ್ಲಿ ಬರೆದಿಡುತ್ತೇನೆ. ಹರಾಜು ನಡೆಯುವಾಗ ಅದನ್ನು ಮುಟ್ಟುವುದಿಲ್ಲ.

ಯಾವಾಗ ಹಾಕಬೇಕು ಅನ್ನುವುದು ತಾಣದ ನಿಯಮದ ಮೇಲೆ ನಿಂತಿದೆ. ಈಬೇಯಲ್ಲಿ ಹರಾಜು ಗೊತ್ತಾದ ಕ್ಷಣಕ್ಕೆ ಮುಗಿಯುತ್ತದೆ. ಹಿಂದೆ ಅಮೆಜಾನ್ ನಡೆಸುತ್ತಿದ್ದ ಹರಾಜಿನಲ್ಲಿ ಹತ್ತು ನಿಮಿಷ ಯಾರೂ ಬಿಡ್ ಹಾಕದಿದ್ದರೆ ಮಾತ್ರ ಮುಗಿಯುತ್ತಿತ್ತು. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಇವೆರಡನ್ನೂ ಹೋಲಿಸಿ 2002ರಲ್ಲಿ ಬರೆದರು. ಕೊನೇ ಗಳಿಗೆಯ ಬಿಡ್‌ಗಳು ಈಬೇಯಲ್ಲೇ ತುಂಬಾ ಜಾಸ್ತಿ ಇದ್ದವು. ಅದಕ್ಕೆ ಒಂದು ಕಾರಣ ನಮ್ಮ ಹುಡುಗನಂಥವರು. ಮೀರಿಸಿದಾಗಲೆಲ್ಲ ಏರಿಸುವವರಿಗೆ ಕೊನೆಯಲ್ಲಿ ಏರಿಸಲು ಸಮಯವೇ ಸಿಗುವುದಿಲ್ಲ. ಹಾಗಾಗಿ ನಾನೂ ಅಲ್ಲಿ ಕೊನೆಯ ಹತ್ತು ಸೆಕೆಂಡಿಗೆ ಹಾಕುತ್ತೇನೆ. ನೆಟ್‌ವರ್ಕ್ ಕೈಕೊಟ್ಟು ಬಿಡ್ ತಲುಪದೇ ಹೋದದ್ದೂ ಇದೆ, ಆ ಅಪಾಯ ಒಪ್ಪಿಕೊಂಡೇ ಮಾಡಬೇಕು. ಬಿಡ್ ಬಂದಾಗಲೆಲ್ಲ ಸಮಯ ಮುಂದೆ ಹೋಗುವ ತಾಣದಲ್ಲಿ ಇದಕ್ಕೆ ಅರ್ಥವಿಲ್ಲ. ಅಲ್ಲಿ ಗರಿಷ್ಠ ಹಾಕಿ ಪರದೆ ಮುಚ್ಚಿಬಿಡುವುದೇ ಒಳ್ಳೆಯದು.

ತಡವಾಗಿ ಹಾಕುವುದರಲ್ಲಿ ಇನ್ನೊಂದು ಲಾಭ ಇದೆ. ಕೆಲವು ಮಾರಾಟಗಾರರು ತಮ್ಮವರಿಂದಲೇ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸುತ್ತಾರೆ. ನಿಯಮದ ಪ್ರಕಾರ ಇದು ತಪ್ಪು, ಆದರೂ ನಡೆಯುತ್ತದೆ. ನಿಮ್ಮ ಗರಿಷ್ಠ ಬೇಗ ಕೂತಿದ್ದರೆ ಅದನ್ನು ತಡಕಿ ನೋಡಲು ಅವರಿಗೆ ದಿನಗಟ್ಟಲೆ ಸಮಯ. ಒಬ್ಬರ ಬಿಡ್‌ಗಳೆಲ್ಲ ಹೆಚ್ಚುಕಮ್ಮಿ ಅದೇ ಮಾರಾಟಗಾರನ ಸರಕಿಗೇ ಹೋಗಿದ್ದರೆ, ಆಗಾಗ ಬಿಡ್ ವಾಪಸ್ ಪಡೆದಿದ್ದರೆ, ನಾನು ಆ ಹರಾಜು ಬಿಡುತ್ತೇನೆ.

ಸೋತ ಮೇಲೂ ಒಂದು ಕಡೆ ಎಚ್ಚರ ಬೇಕು. "ಗೆದ್ದವರು ಕೊಳ್ಳಲಿಲ್ಲ, ನಿಮಗೇ ಕೊಡುತ್ತೇವೆ" ಅಂತ ಎರಡನೇ ಅವಕಾಶದ ಸಂದೇಶ ಬರಬಹುದು. ಅದು ತಾಣದ ನಿಮ್ಮ ಖಾತೆಯೊಳಗೂ ಕಾಣುತ್ತದಾ ಅಂತ ಮೊದಲು ನೋಡಿ, ಬರೀ ಈಮೇಲ್ ನಂಬಬೇಡಿ. ಅಲ್ಲಿ ಕೇಳುವುದು ನಿಮ್ಮ ಗರಿಷ್ಠವನ್ನೇ, 129.60. ಆದರೆ ಆ ಗೆದ್ದವರನ್ನು ಪಟ್ಟಿಯಿಂದ ತೆಗೆದು ನೋಡಿ. ನಿಮ್ಮ ಕೆಳಗಿನವರು 94ಕ್ಕೆ ನಿಂತಿದ್ದರೆ ನೀವು 96ಕ್ಕೇ ಗೆಲ್ಲುತ್ತಿದ್ದಿರಿ, ಅಲ್ವಾ? ನಾನು ಅಂಥ ಸಂದೇಶಕ್ಕೆ ಉತ್ತರಿಸದೆ ಅದೇ ಲೆನ್ಸಿನ ಮುಂದಿನ ಹರಾಜಿಗೆ ಕಾಯುತ್ತೇನೆ.