‘ರಿ’ ಹಚ್ಚಿ ಮಾತಾಡುವ ಸೀಮೆ

ಮೈಸೂರು, ಮಂಡ್ಯ ಕಡೆಯಿಂದ ಕಲಬುರಗಿಗೆ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಕೌಂಟರಿನಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಕೇಳುತ್ತಾರೆ: ‘ಏನ್ರಿ ಸಾಹೇಬ್ರ, ನಮ್ಮ ಕೆಲ್ಸ ಆಗ್ಯಾದೇನ್ರಿ?’ ಗುಮಾಸ್ತರಿಗೆ ಚುರುಕ್ ಅನ್ನುತ್ತದೆ. ಅವರ ಊರಲ್ಲಿ ‘ಏನ್ರೀ’ ಅಂತ ಶುರುವಾದ ಮಾತು ಹೆಚ್ಚಾಗಿ ಗದರಿಕೆಯಲ್ಲೇ ಮುಗಿಯುತ್ತದೆ. ಮೇಲಧಿಕಾರಿ ಕೆಳಗಿನವರನ್ನು ವಿಚಾರಿಸುವಾಗ ಹಾಗೆ ಕೇಳುತ್ತಾರೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಹಾಗೆ ಕೇಳುತ್ತಾರೆ. ಅದು ಬಿಟ್ಟರೆ ಹೆಂಡತಿ ಗಂಡನನ್ನು ಕರೆಯುವ ಮಾತು ಅದು.

ಅವರು ತಮ್ಮ ಲೆಕ್ಕದಲ್ಲಿ ಮರ್ಯಾದೆಯಿಂದಲೇ ಉತ್ತರ ಕೊಡುತ್ತಾರೆ: ‘ಇಲ್ಲ. ನಾಳೆ ಬನ್ನಿ.’ ಈಗ ಆ ಹಿರಿಯರಿಗೆ ಬೇಜಾರು. ‘ಬನ್ನಿ’ ಸರಿ, ಆದರೆ ಆ ಬೋಳು ‘ಇಲ್ಲ’ ಅವರ ಕಿವಿಗೆ ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ಈ ಕಡೆಯವರಾಗಿದ್ದರೆ ‘ಇಲ್ರಿ, ನಾಳಿಗ್ ಬರ್ರಿ’ ಅನ್ನುತ್ತಿದ್ದರು. ಇಬ್ಬರೂ ಆಡಿದ್ದು ಕನ್ನಡ. ಇಬ್ಬರೂ ಗೌರವ ಕೊಟ್ಟಿದ್ದರು. ಇಬ್ಬರಿಗೂ ಅದು ಮುಟ್ಟಲಿಲ್ಲ.

ಈ ಎಡವಟ್ಟಿಗೆ ಕಾರಣ ‘ರಿ’. ಅದು ಬಹುವಚನದ ಕ್ರಿಯಾಪದದ ತುದಿ: ಬಂದಿರಿ, ಹೋದಿರಿ, ಬನ್ನಿರಿ. ಒಬ್ಬರನ್ನೇ ಮಾತಾಡಿಸುವಾಗಲೂ ಬಹುವಚನ ಬಳಸಿದರೆ ಗೌರವ ಅನ್ನುವುದು ಇಡೀ ಕನ್ನಡ ನಾಡಿಗೆ ಒಂದೇ. ಆದರೆ ಆಡುಮಾತಿನಲ್ಲಿ ಈ ತುದಿ ಎರಡು ದಾರಿ ಹಿಡಿಯಿತು. ದಕ್ಷಿಣದಲ್ಲಿ ‘ಬನ್ನಿರಿ’ ಸವೆದು ‘ಬನ್ನಿ’ ಆಯಿತು, ‘ಕುಳಿತುಕೊಳ್ಳಿರಿ’ ಅನ್ನುವುದು ‘ಕೂತ್ಕೊಳ್ಳಿ’ ಆಯಿತು. ‘ರಿ’ ಬಿದ್ದುಹೋದರೂ ಗೌರವ ಉಳಿಯಿತು. ಉತ್ತರದಲ್ಲಿ ಮಾತು ಇನ್ನೊಂದು ರೀತಿ ಸವೆದು ‘ಬರ್ರಿ’, ‘ಕುಂದರ್ರಿ’ ಆಯಿತು. ಇಲ್ಲಿ ‘ರಿ’ ಗಟ್ಟಿಯಾಗಿ ಉಳಿಯಿತು. ಅಷ್ಟೇ ಅಲ್ಲ, ಕ್ರಿಯಾಪದ ಬಿಟ್ಟು ಹೊರಗೂ ಬಂತು. ಹೌದ್ರಿ, ಇಲ್ರಿ, ಯಾಕ್ರಿ, ಎಲ್ಲಿರಿ, ನಂದ್ರಿ. ಬಹುವಚನವೇ ಇಲ್ಲದ ಪದಕ್ಕೂ ಅದು ಅಂಟಿಕೊಂಡಿತು. ಹಾಗಾಗಿ ಇಲ್ಲಿ ‘ರಿ’ ಕೇಳಿಸಿದರೆ ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. ಅದು ಇಲ್ಲದಿದ್ದಾಗಲೇ ಕಿವಿ ನೆಟ್ಟಗಾಗುತ್ತದೆ. ‘ರಿ ಹಚ್ಚಿ ಮಾತಾಡು’ ಅಂತ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವುದು ಇದಕ್ಕೇ.

ಈ ನೆಲದಲ್ಲೇ ಇದಕ್ಕೊಂದು ಹಳೆಯ ಸಾಕ್ಷಿ ಇದೆ. 12ನೇ ಶತಮಾನದ ಕಲ್ಯಾಣ ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿದ್ದ ಬಸವಣ್ಣನವರ ಒಂದು ವಚನ ಸಿರಿವಂತರನ್ನು ನೇರವಾಗಿ ಕೇಳುತ್ತದೆ: ‘ಏನಿ ಬಂದಿರಿ, ಹದುಳವಿದ್ದಿರೆ’ ಅಂದರೆ ನಿಮ್ಮ ಸಿರಿ ಹಾರಿಹೋಗುತ್ತದೆಯೇ? ಕೂತುಕೊಳ್ಳಿ ಅಂದರೆ ನೆಲ ಕುಳಿ ಬೀಳುತ್ತದೆಯೇ? ‘ಹದುಳ’ ಅಂದರೆ ಕ್ಷೇಮ. ಇದರ ಪಕ್ಕದಲ್ಲಿ ಇವತ್ತಿನ ಮಾತು ಇಟ್ಟು ನೋಡಿ: ‘ಏನ್ರಿ, ಯಾವಾಗ ಬಂದ್ರಿ? ಆರಾಮ್ ಇದ್ದೀರೇನ್ರಿ?’ ಕೇಳುವ ಕ್ರಮ ಅದೇ. ಮೊದಲು ‘ಏನು’, ಆಮೇಲೆ ಬಂದದ್ದರ ವಿಚಾರಣೆ, ಆಮೇಲೆ ಕ್ಷೇಮ. ಬಹುವಚನದ ತುದಿಯೂ ಅದೇ. ಬದಲಾಗಿದ್ದು ಮುಖ್ಯವಾಗಿ ಒಂದು ಪದ. ಹದುಳ ಹೋಗಿ ಆರಾಮ ಬಂದಿದೆ.

ಆರಾಮ ಪಾರ್ಸಿ ಪದ. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ದರ್ಬಾರಿನ ಭಾಷೆ ಪಾರ್ಸಿ, ಬಜಾರಿನಲ್ಲಿ ದಖನಿ. ನಂತರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, 1880ರ ದಶಕದಲ್ಲಿ, ಸರ್ಕಾರದ ಕಡತಗಳು ಪಾರ್ಸಿಯಿಂದ ಉರ್ದುವಿಗೆ ಬದಲಾದವು. ಕಚೇರಿಗೆ ಹೋದ ರೈತ ‘ಸಾಹೇಬ್’ ಅನ್ನಲೇಬೇಕಿತ್ತು. ಅವನು ಅದಕ್ಕೂ ತನ್ನ ಬಹುವಚನ ಹಚ್ಚಿ ‘ಸಾಹೇಬ್ರ’ ಮಾಡಿದ. ಹೊರಗಿನ ಪದ ಬಂತು, ಗೌರವದ ತುದಿ ಮಾತ್ರ ನಮ್ಮದೇ ಉಳಿಯಿತು. ನನಗೆ ಈ ಸೀಮೆಯ ಕನ್ನಡದ ಕಸುವು ಕಾಣುವುದು ಇಲ್ಲೇ.

ಕಲ್ಯಾಣದ ಇನ್ನೊಂದು ಮಾತು ‘ಶರಣು’. ಇಲ್ಲಿನ ಹಳ್ಳಿಗಳಲ್ಲಿ ಇಂದಿಗೂ ‘ಶರಣ್ರಿ’, ‘ಶರಣ್ರಿ ಯಪ್ಪಾ’ ಕೇಳುತ್ತದೆ. ಹರಳಯ್ಯನ ಕಥೆ ಈ ಕಡೆ ಎಲ್ಲರಿಗೂ ಗೊತ್ತು. ಚಪ್ಪಲಿ ಹೊಲಿಯುವ ಹರಳಯ್ಯ ಬಸವಣ್ಣನಿಗೆ ‘ಶರಣು’ ಅಂದ. ಬಸವಣ್ಣ ‘ಶರಣು ಶರಣಾರ್ಥಿ’ ಅಂದ. ತಾನು ಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಬಂತಲ್ಲ, ಅದು ತನ್ನ ಮೇಲಿನ ಸಾಲ ಅಂತ ಹರಳಯ್ಯ ಕಂಗಾಲಾದ. ಅದನ್ನು ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿದರು ಅನ್ನುತ್ತದೆ ಕಥೆ. ಕೆಳಗಿನವನು ನಮಸ್ಕರಿಸುವುದು, ಮೇಲಿನವನು ತಲೆ ಅಲ್ಲಾಡಿಸುವುದು ಆಗಿನ ರೂಢಿ. ಇಲ್ಲಿ ಉತ್ತರವೇ ದೊಡ್ಡದಾಯಿತು.

ರೂಢಿ ಮಾತ್ರ ಅಷ್ಟು ಬೇಗ ಬಗ್ಗಲಿಲ್ಲ. ಕರೆಯುವ ಮಾತಿಗೆ ಇಲ್ಲಿ ಮೆಟ್ಟಿಲುಗಳಿವೆ. ಕೆಳಗೆ ‘ಬಾರಲೇ’, ಅದರ ಮೇಲೆ ‘ಬಾ’. ಆಮೇಲೆ ಏಕವಚನದಲ್ಲೇ ಅಕ್ಕರೆ ಬೆರೆಸಿದ ‘ಬಾರಪಾ’, ‘ಬಾರವ್ವಾ’. ಮೇಲೆ ‘ಬರ್ರಿ’. ಹಳ್ಳಿಯಲ್ಲಿ ಯಾರಿಗೆ ಯಾವುದು ಅನ್ನುವುದನ್ನು ಬಹಳ ಕಾಲ ವಯಸ್ಸು ಒಂದೇ ತೀರ್ಮಾನ ಮಾಡಲಿಲ್ಲ. ಹೊಲ ಯಾರದು, ಜಾತಿ ಯಾವುದು ಅನ್ನುವುದೂ ಮಾಡಿತು. ಗೌಡರ ಚಿಕ್ಕ ಹುಡುಗನಿಗೆ ‘ಬರ್ರಿ’, ಅವರ ಹೊಲದಲ್ಲಿ ದುಡಿಯುವ ಹಿರಿಯನಿಗೆ ‘ಬಾರಲೇ’. ಕಲಬುರಗಿ, ಬೀದರ್ ಕಡೆಯ ದಲಿತ ಓಣಿಗಳಲ್ಲಿ ‘ಜೈ ಭೀಮ್’ ಅಷ್ಟು ಗಟ್ಟಿಯಾಗಿ ನೆಲೆ ನಿಂತದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಅದಕ್ಕೆ ಉತ್ತರವೂ ‘ಜೈ ಭೀಮ್’. ಹೇಳಿದ್ದೂ ಕೇಳಿದ್ದೂ ಒಂದೇ ತೂಕ.

ಹಾಗಂತ ಏಕವಚನವೆಲ್ಲ ಅಗೌರವವೂ ಅಲ್ಲ. ‘ಮುತ್ಯಾ, ನೀ ಯಾವಾಗ ಬಂದಿ?’ ಅಂತ ಮೊಮ್ಮಗಳು ಅಜ್ಜನನ್ನು ಕೇಳುತ್ತಾಳೆ. ಹೊರಗಿನವರು ಹುಬ್ಬೇರಿಸಬಹುದು. ಆದರೆ ಇಲ್ಲಿ ‘ಮುತ್ಯಾ’ ಅನ್ನುವ ಪದವೇ ಗೌರವ ಹೊತ್ತಿದೆ, ‘ನೀ’ ಸಲಿಗೆ ಹೇಳುತ್ತದೆ. ಅದೇ ಹುಡುಗಿ ದಾರಿಯಲ್ಲಿ ಸಿಕ್ಕ ಅಪರಿಚಿತ ಮುದುಕರಿಗೆ ‘ಮುತ್ಯಾ, ಎಲ್ಲಿಗ್ ಹೊಂಟೀರಿ?’ ಅನ್ನುತ್ತಾಳೆ. ಸಂಬಂಧದ ಪದ ಒಂದೇ, ಕ್ರಿಯಾಪದ ಬೇರೆ. ಗೌರವ ಅಳೆಯಬೇಕು ಅಂದರೆ ಎರಡನ್ನೂ ಸೇರಿಸಿ ಕೇಳಬೇಕು.

1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆಮೇಲೆ ಪಠ್ಯಪುಸ್ತಕ, ರೇಡಿಯೊ, ಸಿನಿಮಾ, ವರ್ಗಾವಣೆಯ ನೌಕರರು ಎಲ್ಲ ಸೇರಿ ದಕ್ಷಿಣದ ಧಾಟಿಯನ್ನು ಇಲ್ಲಿಗೆ ತಂದವು. ‘ಅದ’ ಅನ್ನುವುದು ತಪ್ಪು, ‘ಇದೆ’ ಅನ್ನಬೇಕು ಅಂತ ಶಾಲೆಯಲ್ಲಿ ತಿದ್ದುತ್ತಾರೆ. ಆ ತಿದ್ದುವಿಕೆ ನನಗೆ ಒಪ್ಪಿಗೆಯಿಲ್ಲ. ಬರೆಯುವ ಕನ್ನಡ ಕಲಿಸಲು ಮನೆಯ ಕನ್ನಡವನ್ನು ತಪ್ಪು ಅನ್ನಬೇಕಾಗಿಲ್ಲ. ಮಕ್ಕಳು ‘ಇದೆ’ ಕಲಿಯುತ್ತಾರೆ, ಕಲಿತು ‘ಇದೆರಿ ಮೇಡಂ’ ಅನ್ನುತ್ತಾರೆ. ಫೋನ್ ಎತ್ತಿದರೆ ‘ಹಲೋ ರೀ’.